ಸಿರಪ್ ಬ್ರಿಕ್ಸ್ ಅಂದಾಜು: ಕುದಿಯುವ ಲೆಕ್ಕವೋ, ಹಳೇ ಡೇಟಾದ ಸಮೀಕರಣವೋ?

ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಗಟ್ಟಿ ಮಾಡುವ ಇವ್ಯಾಪರೇಟರ್‌ನ ಕೊನೆಯ ಬಾಡಿಯಿಂದ ಬರುವ ಸಿರಪ್‌ನ ಬ್ರಿಕ್ಸ್, ಅಂದರೆ ಅದರಲ್ಲಿ ಕರಗಿದ ಘನವಸ್ತುವಿನ ಶೇಕಡಾ ಪ್ರಮಾಣ, ನಮಗೆ ಲ್ಯಾಬ್‌ನಿಂದ ತಡವಾಗಿ ಸಿಗುತ್ತಿತ್ತು. ಅಷ್ಟರಲ್ಲಿ ಸಿರಪ್ ಸಕ್ಕರೆ ಹರಳು ಕಟ್ಟುವ ಪ್ಯಾನ್ ತಲುಪಿರುತ್ತದೆ. ಹಾಗಾಗಿ ಬಾಡಿಯ ಉಷ್ಣತೆ ಮತ್ತು ಒತ್ತಡದಿಂದಲೇ ಬ್ರಿಕ್ಸ್ ಅಂದಾಜು ಮಾಡುವ ಎರಡು ದಾರಿಗಳನ್ನು ಅಕ್ಕಪಕ್ಕ ಓಡಿಸಿ ನೋಡಿದೆ.

ಮೊದಲನೆಯದು ಭೌತಶಾಸ್ತ್ರದ್ದು. ಸಕ್ಕರೆ ಜಾಸ್ತಿಯಾದಷ್ಟು ಸಿರಪ್ ನೀರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕುದಿಯುತ್ತದೆ. ಆ ವ್ಯತ್ಯಾಸದಿಂದ ಬ್ರಿಕ್ಸ್ ತೆಗೆಯಬಹುದು:

```
e = (T_syrup - T_sat(P_abs)) / 0.73
B = 100 * e / (2 + e)
```

T_sat(P_abs) ಅಂದರೆ ಬಾಡಿಯೊಳಗೆ ಉಳಿದ ಒತ್ತಡದಲ್ಲಿ ನೀರು ಕುದಿಯುವ ಉಷ್ಣತೆ. 0.73 ಎಂಬುದು ನೀರು ಸುಮಾರು 54 ಡಿಗ್ರಿಗೆ ಕುದಿಯುವ ವ್ಯಾಕ್ಯೂಮ್‌ಗೆ ಮಾಡಿದ ತಿದ್ದುಪಡಿ. ನಮ್ಮ ಕಡೆ ಸಮುದ್ರಮಟ್ಟದ 760 ಮಿ.ಮೀ. ಇರುವುದಿಲ್ಲ. ವಾತಾವರಣದ ಒತ್ತಡ ಸುಮಾರು 713 ಮಿ.ಮೀ. ವ್ಯಾಕ್ಯೂಮ್ ಗೇಜ್ 600 ತೋರಿಸಿದರೆ ಒಳಗೆ ಉಳಿದದ್ದು 113, ಆಗ ನೀರು 54.1 ಡಿಗ್ರಿಗೆ ಕುದಿಯುತ್ತದೆ. ಸಿರಪ್ 56.3 ಇದ್ದರೆ ವ್ಯತ್ಯಾಸ 2.2, ಬ್ರಿಕ್ಸ್ 60. ಅದೇ ಜಾಗದಲ್ಲಿ 760 ಹಾಕಿ ನೋಡಿ, ನೀರು ಸಿರಪ್‌ಗಿಂತ ಬಿಸಿ ಎಂದು ಬರುತ್ತದೆ!

ಕಷ್ಟ ಇರುವುದು ಇಲ್ಲೇ. ಗೇಜ್ ಕೇವಲ 3 ಮಿ.ಮೀ. ವ್ಯಾಕ್ಯೂಮ್ ಜಾಸ್ತಿ ತೋರಿಸಿದರೂ 60 ಇದ್ದದ್ದು 65 ಆಗುತ್ತದೆ. ಸಾಮಾನ್ಯ ಬಿ ದರ್ಜೆಯ ಪಿಟಿ-100 ಸೆನ್ಸರ್‌ಗೆ ಈ ಉಷ್ಣತೆಯಲ್ಲಿ ಸುಮಾರು 0.6 ಡಿಗ್ರಿ ತಪ್ಪಿಗೆ ಅವಕಾಶವಿದೆ. ಅದೂ ಸುಮಾರು ಆರರಿಂದ ಎಂಟು ಬ್ರಿಕ್ಸ್‌ಗೆ ಸಮ. ಆಬ್ಸಲ್ಯೂಟ್ ಒತ್ತಡದ ಟ್ರಾನ್ಸ್‌ಮಿಟರ್ ಇಲ್ಲದೆ ಈ ದಾರಿ ಹಿಡಿಯಬೇಡಿ.

ಎರಡನೆಯದು ಹಂಗಾಮಿನ ಲ್ಯಾಬ್ ಅಂಕಿಗಳಿಗೆ ಎಕ್ಸಾಸ್ಟ್ ಸ್ಟೀಮ್ ಒತ್ತಡ, ಬಾಡಿಗಳ ಉಷ್ಣತೆ, ವ್ಯಾಕ್ಯೂಮ್ ಜೋಡಿಸಿದ ರಿಗ್ರೆಶನ್. ಶುರುವಿನಲ್ಲಿ ಇದೇ ಚೆನ್ನಾಗಿತ್ತು. ಗೇಜ್‌ನ ಸ್ಥಿರ ತಪ್ಪು ಸಮೀಕರಣದೊಳಗೇ ಕರಗಿಹೋಗುತ್ತದೆ ಅಲ್ವಾ. ಆದರೆ ಟ್ಯೂಬ್‌ಗೆ ಸ್ಕೇಲ್, ಅಂದರೆ ಗಟ್ಟಿ ಪದರ, ಕಟ್ಟಿದಾಗ ಅದೇ ಬ್ರಿಕ್ಸ್‌ಗೆ ಆಪರೇಟರ್ ಸ್ಟೀಮ್ ಏರಿಸುತ್ತಾನೆ. ಸಮೀಕರಣಕ್ಕೆ ಸ್ಕೇಲ್ ಕಾಣುವುದಿಲ್ಲ, ಸ್ಟೀಮ್ ಮಾತ್ರ ಕಾಣುತ್ತದೆ. ಸಿರಪ್ ಗಟ್ಟಿಯಾಗಿದೆ ಎನ್ನುತ್ತದೆ. ಲ್ಯಾಬ್ ಅಂಕಿಯಿಂದ ಅಂದಾಜು ಕಳೆದು ದಿನಾ ಬರೆದಿಡಿ. ಅದು ಒಂದೇ ಕಡೆ ಜಾರುತ್ತಾ ಹೋಗಿ, ಕಾಸ್ಟಿಕ್ ಹಾಕಿ ಟ್ಯೂಬ್ ತೊಳೆದ ಮೇಲೆ ಥಟ್ಟನೆ ವಾಪಸ್ ಬಂದರೆ ಕಾರಣ ಸ್ಕೇಲೇ. ಕುದಿಯುವ ಲೆಕ್ಕದಲ್ಲಿ ಈ ಜಾರಾಟ ಬರಲಿಲ್ಲ. ಅಲ್ಲಿ ತಪ್ಪು ಬಂದರೆ ಒಮ್ಮೆಲೇ ಜಿಗಿಯುತ್ತದೆ, ಹೆಚ್ಚಾಗಿ ಒತ್ತಡದ ಸಣ್ಣ ಪೈಪಿನಲ್ಲಿ ನೀರು ನಿಂತಾಗ.

ನ್ಯೂರಲ್ ನೆಟ್‌ವರ್ಕ್ ಕೂಡ ನೋಡಿದೆ. ಡೇಟಾ ಎಲ್ಲಾ 58ರಿಂದ 62ರೊಳಗೇ ಇರುವಾಗ ಅದರಿಂದ ಹೊಸದೇನೂ ಸಿಗಲಿಲ್ಲ.

ನನ್ನ ಆಯ್ಕೆ ಕುದಿಯುವ ಲೆಕ್ಕ, ಜೊತೆಗೆ ಲ್ಯಾಬ್ ತಿದ್ದುಪಡಿ. ಪ್ರತಿ ಸ್ಯಾಂಪಲ್ ಬಂದಾಗ ಉಳಿದ ವ್ಯತ್ಯಾಸದಲ್ಲಿ ಐದನೇ ಒಂದು ಭಾಗ ಮಾತ್ರ ಸೇರಿಸಬೇಕು. ಪೂರ್ತಿ ಸೇರಿಸಿದರೆ ಲ್ಯಾಬ್‌ನ ಒಂದು ಕೆಟ್ಟ ರೀಡಿಂಗ್ ಮುಂದಿನ ಸ್ಯಾಂಪಲ್‌ವರೆಗೂ ಕಾಡುತ್ತದೆ. ಹೋಲಿಸುವಾಗ ರಿಜಿಸ್ಟರ್‌ನಲ್ಲಿ ಬರೆದ ಹೊತ್ತು ಬೇಡ, ಪಂಪ್ ಹತ್ತಿರ ಸಿರಪ್ ಹಿಡಿದ ಹೊತ್ತು ತಗೊಳ್ಳಿ.