ಅಂಕಿಗೆ ಮಾತು ಕೊಡುವ ಮೂರು ದಾರಿ: ಒಂದೇ ವರದಿ ತಿದ್ದಿ ನೋಡಿದ ಹೋಲಿಕೆ

ತ್ರೈಮಾಸಿಕ ಹಣಕಾಸು ವರದಿಯ ಕೋಷ್ಟಕಗಳ ಕೆಳಗೆ ಬರುವ ವಿವರಣೆಯನ್ನು ತಿದ್ದುವುದು ನನ್ನ ಪಾಲಿನ ಕೆಲಸ. ಲೆಕ್ಕ ವಿಭಾಗದವರು ಬರೆದುಕೊಡುತ್ತಾರೆ, ಲೆಕ್ಕ ಓದಿರದವರಿಗೂ ಅರ್ಥವಾಗುವಂತೆ ನಾನು ಮಾಡಬೇಕು. ಈ ಬಾರಿ ಮೂರು ಪುಟದ ಒಂದೇ ಕರಡನ್ನು ಮೂರು ರೀತಿಯಲ್ಲಿ ತಿದ್ದಿ ನೋಡಿದೆ.

ಮೊದಲನೆಯದು ಹಳೆಯ ಅಭ್ಯಾಸ: ಕರಡಿನ ಮೇಲೇ ಪೆನ್ನು ಆಡಿಸುವುದು. ಒಂದು ಗಂಟೆಯಲ್ಲಿ ಮುಗಿಯಿತು, ಓದಲೂ ಸಲೀಸಾಯಿತು. ಆದರೆ ಸರಳ ಮಾಡಲು ಹೋಗಿ ನಾನೇ ಒಂದು ಸುಳ್ಳು ಸೇರಿಸಿದ್ದೆ. ನಾಲ್ಕು ತ್ರೈಮಾಸಿಕಗಳ ಮಾರಾಟ, ಲಕ್ಷಗಳಲ್ಲಿ, 400, 460, 500, 520. ಕರಡಿನಲ್ಲಿ ‘ಮಾರಾಟದ ಬೆಳವಣಿಗೆ ದರ ಇಳಿಮುಖವಾಗಿದೆ’ ಎಂದಿತ್ತು. ಭಾರವೆನಿಸಿ ‘ಮಾರಾಟ ಇಳಿಯುತ್ತಿದೆ’ ಎಂದು ಮಾಡಿದೆ. ಮಾರಾಟ ಎಲ್ಲಿ ಇಳಿದಿದೆ? ಪ್ರತಿ ಸಲವೂ ಏರಿದೆ. ಏರುವ ವೇಗ ಮಾತ್ರ ಶೇ. 15ರಿಂದ 8.7ಕ್ಕೆ, ಆಮೇಲೆ 4ಕ್ಕೆ ಬಂದಿದೆ. ‘ಮಾರಾಟ ಏರುತ್ತಲೇ ಇದೆ, ಆದರೆ ಪ್ರತಿ ಸಲ ಏರುವುದು ಮೊದಲಿಗಿಂತ ಕಡಿಮೆ’ ಎಂದಿದ್ದರೆ ಸರಳವೂ ಆಗುತ್ತಿತ್ತು, ನಿಜವೂ ಆಗುತ್ತಿತ್ತು. ವಾಕ್ಯವನ್ನಷ್ಟೇ ನೋಡುತ್ತಾ ಕೂತರೆ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ವಾಕ್ಯದಲ್ಲಿ ಊನವೇನೂ ಇಲ್ಲ.

ಎರಡನೆಯದರಲ್ಲಿ ಕರಡನ್ನು ಮುಚ್ಚಿಟ್ಟು ಕೋಷ್ಟಕ ಮಾತ್ರ ಎದುರಿಗಿಟ್ಟುಕೊಂಡೆ. ಪ್ರತಿ ಅಂಕಿಗೂ ನನ್ನದೇ ಒಂದು ವಾಕ್ಯ ಬರೆದು, ಕೊನೆಗೆ ಕರಡಿನೊಂದಿಗೆ ತಾಳೆ ನೋಡಿದೆ. ಎರಡೂವರೆ ಗಂಟೆ ಹಿಡಿಯಿತು, ನಡುವೆ ಬೇಸರವೂ ಬಂತು. ಸಿಕ್ಕಿದ್ದು ಮಾತ್ರ ಹೆಚ್ಚು.

ಕರಡಿನಲ್ಲಿ ‘ಬಾಕಿ ವಸೂಲಿ ಅವಧಿ ಶೇ. 20ರಷ್ಟು ಏರಿಕೆ ಕಂಡು ಬಲಗೊಂಡಿದೆ’ ಎಂದಿತ್ತು. ಕೋಷ್ಟಕದಲ್ಲಿದ್ದದ್ದು 45 ದಿನ, 54 ದಿನ. ನಾನು ಬರೆದುಕೊಂಡಿದ್ದು: ‘ಸಾಲಕ್ಕೆ ಮಾರಿದ ಸರಕಿನ ಹಣ ಕೈಸೇರಲು ಮೊದಲು ಸರಾಸರಿ 45 ದಿನ ಹಿಡಿಯುತ್ತಿತ್ತು, ಈಗ 54 ದಿನ.’ ಹೀಗೆ ಬರೆದ ಮೇಲೆ ಅದನ್ನು ಬಲ ಎನ್ನಲು ಯಾರಿಗೂ ಬಾಯಿ ಬಾರದು. ಶೇ. 20ರ ಲೆಕ್ಕ ಸರಿಯೇ ಇತ್ತು, ಏರಿದ್ದೆಲ್ಲ ಒಳ್ಳೆಯದು ಎಂಬ ರೂಢಿ ತಪ್ಪು ಮಾಡಿಸಿತ್ತು.

ಇನ್ನೊಂದು ಲಾಭಾಂಶದ್ದು (ಷೇರುದಾರರಿಗೆ ಹಂಚುವ ಲಾಭಾಂಶವಲ್ಲ, ಮಾರಾಟದಲ್ಲಿ ಲಾಭದ ಪಾಲು). ಕರಡಿನ ಪ್ರಕಾರ ‘ಕಚ್ಚಾವಸ್ತು ದುಬಾರಿಯಾದ್ದರಿಂದ ಶೇ. 3 ಇಳಿಕೆ’. ಮೊದಲ ತ್ರೈಮಾಸಿಕದಲ್ಲಿ 100ರ ಮಾರಾಟಕ್ಕೆ 12 ಉಳಿಯುತ್ತಿತ್ತು, ನಾಲ್ಕನೆಯದರಲ್ಲಿ 9. ಇದು 3 ಶೇಕಡಾ ಅಂಶಗಳ ಇಳಿಕೆ. 12ಕ್ಕೆ ಹೋಲಿಸಿದರೆ ಕಾಲು ಭಾಗವೇ ಹೋದಂತೆ. ‘ಶೇ. 3’ ಎಂದಾಗ ಓದುವವರು ಏನೋ ಚಿಲ್ಲರೆ ನಷ್ಟ ಎಂದುಕೊಳ್ಳುತ್ತಾರೆ. ಕೊಟ್ಟ ಕಾರಣವೂ ನಿಲ್ಲಲಿಲ್ಲ. ಕಚ್ಚಾವಸ್ತುವಿನ ಖರ್ಚು ಆಗಲೂ ಈಗಲೂ 100ಕ್ಕೆ 55. ಸಾಗಣೆ ಖರ್ಚು 6ರಿಂದ 9ಕ್ಕೆ ಏರಿತ್ತು. ಉಳಿದ ಬಾಬತ್ತುಗಳು ಕದಲಿರಲಿಲ್ಲ. ಕಳೆದುಹೋದ ಮೂರು ಅಲ್ಲೇ ಇತ್ತು. ಹೋದ ವರ್ಷದ ವಾಕ್ಯವನ್ನೇ ನಕಲು ಮಾಡಿರಬೇಕು ಎಂದು ನನ್ನ ಗುಮಾನಿ. ಸಾಗಣೆ ಯಾಕೆ ದುಬಾರಿಯಾಯಿತು ಎಂಬುದು ಕೋಷ್ಟಕದಲ್ಲಿ ಇರುವುದಿಲ್ಲ, ಅದಕ್ಕೆ ಲೆಕ್ಕ ವಿಭಾಗಕ್ಕೆ ಫೋನ್ ಮಾಡಲೇಬೇಕು.

ಮೂರನೆಯದು ತುಸು ಆಟದಂತಿದೆ. ವರದಿ ನೋಡಿರದ ಸಹೋದ್ಯೋಗಿಗೆ ಮಾತುಗಳನ್ನಷ್ಟೇ ಓದಿ ಹೇಳಿ, ಕೇಳಿದಂತೆ ಕಾಗದದ ಮೇಲೆ ಗೆರೆ ಎಳೆಯಲು ಹೇಳಿದೆ. ‘ಇಳಿಯುತ್ತಿದೆ’ ಎಂಬ ನನ್ನ ಮೊದಲ ವಾಕ್ಯಕ್ಕೆ ಅವರು ಕೆಳಮುಖದ ಗೆರೆ ಎಳೆದರು. ತಿದ್ದಿದ ವಾಕ್ಯಕ್ಕೆ ಮೇಲೇರಿ ಚಪ್ಪಟೆಯಾಗುವ ಗೆರೆ ಬಂತು, ಕೋಷ್ಟಕದ ಚಿತ್ರವೂ ಅದೇ. ನಾನು ಖುಷಿಯಲ್ಲಿರುವಾಗಲೇ ಅವರು ಕೇಳಿದರು, “ಏರುತ್ತಿದೆ ಅಂತೀರಲ್ಲ, ಹೋದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು?” ಹಳೆಯ ವರದಿ ತೆಗೆದರೆ 530! ಈ ಸಲದ 520 ಹಿಂದಿನ ತ್ರೈಮಾಸಿಕಕ್ಕಿಂತ ಹೆಚ್ಚು, ಹಿಂದಿನ ವರ್ಷದ ಇದೇ ತ್ರೈಮಾಸಿಕಕ್ಕಿಂತ ಸುಮಾರು ಶೇ. 2 ಕಡಿಮೆ. ವರ್ಷದ ಕೊನೆಗೆ ಮಾರಾಟ ಸಹಜವಾಗಿಯೇ ಏರುವ ವ್ಯವಹಾರದಲ್ಲಿ ಎರಡನೆಯ ಹೋಲಿಕೆಯೇ ಮುಖ್ಯ. ಎದುರಿಗಿದ್ದ ಕೋಷ್ಟಕದಲ್ಲಿ ಆ ಕಾಲಂ ಇರದ ಕಾರಣ ನನಗೆ ಹೊಳೆದಿರಲಿಲ್ಲ.

ಈ ದಾರಿಗೆ ಅರ್ಧ ಗಂಟೆ ಸಾಕು, ಆದರೆ ಇನ್ನೊಬ್ಬರ ಬಿಡುವು ಬೇಕು. ಲಾಭದ ಪಾಲಿನಂಥ ಕಡೆ ಉಪಯೋಗ ಕಡಿಮೆ. ಕಾರಣ ತಪ್ಪಿದ್ದರೂ ಗೆರೆ ಸರಿಯಾಗಿಯೇ ಬರುತ್ತದೆ.

ಈಗ ನಾನು ಎರಡನೆಯದರಿಂದ ಶುರುಮಾಡುತ್ತೇನೆ. ಏರಿಳಿತ ಹೇಳುವ ವಾಕ್ಯಗಳನ್ನು, ಮೂರು ಪುಟಕ್ಕೆ ಐದಾರು ಇರಬಹುದು, ಸಹೋದ್ಯೋಗಿಯ ಮುಂದೆ ಓದುತ್ತೇನೆ. ಪೆನ್ನು ಕೊನೆಗೆ. ಆಮೇಲೆ ತಿದ್ದಿದ ಪ್ರತಿ ಕ್ರಿಯಾಪದವನ್ನು ಮತ್ತೊಮ್ಮೆ ಕೋಷ್ಟಕದ ಪಕ್ಕ ಇಟ್ಟು ನೋಡದೆ ಕಡತ ಕಳಿಸುವುದಿಲ್ಲ.