ಹಾಲು ಮತ್ತು ಪೇಪರ್ ಒಂದೇ ಬಿಲ್‌ನಲ್ಲಿ: ವರ್ಷಗಳ ಬಳಕೆಯ ನಂತರ

ಮನೆ ಬಾಗಿಲಿಗೆ ಹಾಲು ಮತ್ತು ಪೇಪರ್ ತಂದುಕೊಡುವ ಈ ಸೇವೆಯನ್ನು ನಾನು ವರ್ಷಗಳಿಂದ ಬಳಸುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಬರುತ್ತದೆ, ಆ ವಿಷಯದಲ್ಲಿ ದೂರಿಲ್ಲ. ಮಾಮೂಲಿ ತಿಂಗಳಲ್ಲಿ ಬಿಲ್ ಕೂಡ ಸರಿಯಾಗಿಯೇ ಇರುತ್ತದೆ. ಊರಿಗೆ ಹೋದ ದಿನಗಳಲ್ಲಿ ದರ ಬೇರೆ ಬೇರೆ ಇದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಅಂಥ ಒಂದು ತಿಂಗಳನ್ನು ಸುಲಭದ ಅಂಕಿಗಳಲ್ಲಿ ನೋಡಿ. 30 ದಿನದ ತಿಂಗಳು, 1ನೇ ತಾರೀಖು ಸೋಮವಾರ. ದಿನಕ್ಕೆ ಒಂದು ಲೀಟರ್ ಹಾಲು, 15ರವರೆಗೆ 50 ರೂಪಾಯಿ, 16ರಿಂದ 54. ಪೇಪರ್‌ಗೆ ಮಾಮೂಲಿ ದಿನ 6, ಭಾನುವಾರ 8. 13ರಿಂದ 18ರವರೆಗೆ ಎರಡೂ ಬೇಡ ಎಂದು ಮೊದಲೇ ಹೇಳಿದ್ದೀರಿ.

ಹಾಲು ಬಂದದ್ದು ಹಳೇ ದರದಲ್ಲಿ 12 ದಿನ, ಹೊಸ ದರದಲ್ಲಿ 12 ದಿನ. 600ಕ್ಕೆ 648 ಸೇರಿಸಿದರೆ 1248. ಆದರೆ ಬಿಲ್‌ನಲ್ಲಿ ಬರುವುದು 1260. ಪೂರ್ತಿ ತಿಂಗಳಿಗೆ ಎರಡು ದರದಲ್ಲಿ 1560 ಹಾಕಿ, ಬೇಡವೆಂದ ಆರೂ ದಿನಕ್ಕೆ ಹಳೇ ದರದಲ್ಲೇ 300 ಕಳೆದಿರುತ್ತಾರೆ. ಅದರಲ್ಲಿ ಮೂರು ದಿನಕ್ಕೆ 54ರಂತೆ ಕಳೆಯಬೇಕಿತ್ತು. ಪೇಪರ್‌ನದೂ ಇದೇ ಕಥೆ: 14 ಭಾನುವಾರವಾದ್ದರಿಂದ 38 ಕಳೆಯಬೇಕು, ಕಳೆಯುವುದು 36. ಹಾಗಾಗಿ 150 ಆಗಬೇಕಾದದ್ದು 152 ಆಗುತ್ತದೆ.

ಎರಡೂ ಸೇರಿ ವ್ಯತ್ಯಾಸ 14 ರೂಪಾಯಿ. ಮೊತ್ತ ಸಣ್ಣದು ನಿಜ, ಆದರೆ ಬಾರದ ಹಾಲಿಗೆ ದುಡ್ಡು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಬಿಲ್‌ನಲ್ಲಿ "ರಜೆ ದಿನ: 6" ಎಂದಷ್ಟೇ ಬರೆದು ಒಂದೇ ಮೊತ್ತ ಕಳೆದಿದ್ದರೆ ಅನುಮಾನಿಸಿ. ಕಳೆದ ಮೊತ್ತವನ್ನು ದಿನಗಳಿಂದ ಭಾಗಿಸಿ ನೋಡಿ: ದರ ಬದಲಾದ ತಿಂಗಳಲ್ಲೂ ಸರಿಯಾಗಿ 50 ಬಂದರೆ, ಯಾವ ದಿನ ಯಾವ ದರ ಎಂದು ಯಾರೂ ನೋಡಿಲ್ಲ. ಕಳೆಯುವ ಲೆಕ್ಕವನ್ನೇ ಬಿಟ್ಟು, ಬಂದ ದಿನಗಳನ್ನು ಮಾತ್ರ ಆಯಾ ದಿನದ ದರದಿಂದ ಗುಣಿಸಿದರೆ ಈ ತಪ್ಪಿಗೆ ಜಾಗವೇ ಇಲ್ಲ. ತಲುಪಿಸುವ ಶುಲ್ಕ ಮಾತ್ರ ಇಲ್ಲಿ ತಿಂಗಳಿಗೆ 40 ಎಂದು ನಿಗದಿ. ರಜೆ ಹಾಕಿದರೂ ಅದು ಇಳಿಯುವುದಿಲ್ಲ, ಸೇರುವಾಗಲೇ ಹೇಳಿರುತ್ತಾರೆ.

ಇನ್ನು ಅಡ್ವಾನ್ಸ್. 2000 ಕಟ್ಟಿದ್ದರೆ ಹಾಲು, ಪೇಪರ್, ಶುಲ್ಕ ಎಲ್ಲ ಸೇರಿ 1438 ಹೋಗಿ 562 ನಿಮ್ಮದೇ ಉಳಿಯಬೇಕು. ಮುಂದಿನ ಬಿಲ್‌ನಲ್ಲಿ ಅದು "ಹಿಂದಿನ ಬಾಕಿ: -562" ಎಂದು ಬರುತ್ತದೆ. ನಾವು ಕೊಡಬೇಕೋ ಅವರು ಕೊಡಬೇಕೋ ಆ ಸಾಲಿನಿಂದ ತಿಳಿಯುವುದಿಲ್ಲ. ಮನೆಯಲ್ಲಿ ಬೇರೆಯವರು ನೋಡಿ ಇನ್ನೊಮ್ಮೆ ಹಣ ಹಾಕಿದ್ದೂ ಉಂಟು. "ಜಮಾ" ಎಂಬ ಒಂದು ಪದ ಬರೆದಿದ್ದರೆ ಸಾಕಿತ್ತು. ಮುಂಗಡ ಕೊಟ್ಟರೆ ಹಳೇ ದರವೇ ಮುಂದುವರಿಯುತ್ತದೆ ಎಂದುಕೊಳ್ಳಬೇಡಿ, ಹಾಲು ತಲುಪಿದ ದಿನದ ದರವನ್ನೇ ಅದರಿಂದ ಕಳೆಯುತ್ತಾರೆ.

ತಾರೀಖುವಾರು ಬರೆದು ಕೇಳಿದಾಗ ತಕರಾರಿಲ್ಲದೆ ಸರಿಪಡಿಸಿದ್ದಾರೆ, ಅದಕ್ಕೇ ಇನ್ನೂ ಬಿಟ್ಟಿಲ್ಲ. ಐದರಲ್ಲಿ ಮೂರೂವರೆ ನಕ್ಷತ್ರ. ದಿನವಾರು ದರ ತೋರಿಸುವ ಬಿಲ್ ಕೊಡುವ ದಿನ ನಾಲ್ಕೂವರೆ ಮಾಡುತ್ತೇನೆ.