ಹತ್ತಿರದ ರಸ್ತೆಯೇ ಓಡಿದ ರಸ್ತೆಯಲ್ಲ: ಜಿಪಿಎಸ್ ಚುಕ್ಕೆಗಳಿಂದ ಕಿಲೋಮೀಟರ್ ತೆಗೆದ ಕಥೆ

ಆಫೀಸಿನ ಎರಡು ವ್ಯಾನ್‌ಗಳ ಬಾಡಿಗೆ ಲೆಕ್ಕ ನನ್ನ ತಲೆಗೆ ಬಿದ್ದಿತ್ತು. ಟ್ರ್ಯಾಕರ್‌ನ ಚುಕ್ಕೆಗಳಿಂದ ಟ್ರಿಪ್ಪಿನ ಉದ್ದ ತೆಗೆದು, ಕಿಲೋಮೀಟರಿಗೆ ಇಷ್ಟು ಅಂತ ಡ್ರೈವರ್‌ಗಳಿಗೆ ಕೊಡಬೇಕು. ತಿಂಗಳ ಒಟ್ಟು ಮೊತ್ತ ಸರಿಯಾಗೇ ಬರುತ್ತಿತ್ತು. ಆದರೂ ಒಬ್ಬ ಡ್ರೈವರ್ ಅಣ್ಣ ಬಿಡಲಿಲ್ಲ: "ಸಾರ್, ನನ್ನ ಮೀಟರ್ ಹದಿನೇಳು ತೋರಿಸ್ತಿದೆ, ನಿಮ್ಮ ಶೀಟಲ್ಲಿ ಹದಿನಾರು ಚಿಲ್ಲರೆ ಅಂತಿದೆ."

ಹಾಗಾಗಿ ಒಂದೇ ದಾರಿಯನ್ನು ಹಿಡಿದು ಬೇರೆ ಬೇರೆ ಬಗೆಯಲ್ಲಿ ಅಳೆದು ನೋಡಿದೆ. ಜಯನಗರ 4ನೇ ಬ್ಲಾಕ್‌ನಿಂದ ಸಿಲ್ಕ್ ಬೋರ್ಡ್, ಅಲ್ಲಿಂದ ಮೇಲ್ಸೇತುವೆ ಹತ್ತಿ ಎಲೆಕ್ಟ್ರಾನಿಕ್ ಸಿಟಿ. ಎರಡೂ ವ್ಯಾನಿನ ಟ್ರಿಪ್ ಮೀಟರ್‌ನಲ್ಲಿ 17.2 ಕಿ.ಮೀ. ಒಂದರ ಟ್ರ್ಯಾಕರ್ 10 ಸೆಕೆಂಡಿಗೊಮ್ಮೆ ಚುಕ್ಕೆ ಕಳಿಸುತ್ತದೆ. ಇನ್ನೊಂದು ಹಳೆಯದು, ನಿಮಿಷಕ್ಕೊಂದು.

ಮೊದಲು ಏನೂ ತಿದ್ದದೆ, ಚುಕ್ಕೆಯಿಂದ ಚುಕ್ಕೆಗೆ ನೇರ ಗೆರೆ ಎಳೆದು ಕೂಡಿಸಿದೆ. ಮೊದಲ ವ್ಯಾನ್ 17.9, ಎರಡನೆಯದು 16.4. ಗುಟ್ಟು ಇಲ್ಲೇ ಇತ್ತು. ಮೊದಲನೆಯದು ಸಿಲ್ಕ್ ಬೋರ್ಡ್ ಹತ್ತಿರ ಹನ್ನೆರಡು ನಿಮಿಷ ನಿಂತಿತ್ತು. ಅಷ್ಟರಲ್ಲಿ 72 ಚುಕ್ಕೆ. ವ್ಯಾನ್ ನಿಂತರೂ ಚುಕ್ಕೆ ನಿಲ್ಲುವುದಿಲ್ಲ, ಪ್ರತಿ ಸಲ ಆರೇಳು ಮೀಟರ್ ಅತ್ತಿತ್ತ ಕುಣಿಯುತ್ತದೆ. ಕೂಡಿಸಿದರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಆಯ್ತು. ಎರಡನೆಯದರಲ್ಲಿ ತಿರುವುಗಳೇ ಕಾಣೆ. ನಿಮಿಷಕ್ಕೆ ಅರ್ಧ ಕಿ.ಮೀ. ಓಡಿದರೆ ನಡುವಿನ ಎರಡು ತಿರುವನ್ನು ನೇರ ಗೆರೆ ಕತ್ತರಿಸಿಬಿಡುತ್ತದೆ. ಒಂದು ಜಾಸ್ತಿ, ಒಂದು ಕಮ್ಮಿ, ಎರಡೂ ಸೇರಿ 34.3. ಮೀಟರ್ ಲೆಕ್ಕದಲ್ಲಿ 34.4! ಒಟ್ಟು ಸರಿ ಇದೆ ಅಂತ ನಾನು ಇಷ್ಟು ದಿನ ನೆಮ್ಮದಿಯಾಗಿದ್ದದ್ದು ಇದಕ್ಕೇ.

ಮುಂದಿನದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ: ಪ್ರತಿ ಚುಕ್ಕೆಯನ್ನೂ ಹತ್ತಿರದ ರಸ್ತೆಗೆ ಅಂಟಿಸುವುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ರಸ್ತೆಗಳನ್ನು ಪೋಸ್ಟ್‌ಜಿಐಎಸ್ ಡೇಟಾಬೇಸಿಗೆ ತುಂಬಿಕೊಂಡರೆ ನಾಲ್ಕು ಸಾಲಿನ ಕೆಲಸ.

```sql
SELECT p.id, r.id, ST_ClosestPoint(r.geom, p.geom)
FROM points p CROSS JOIN LATERAL (
  SELECT id, geom FROM roads
  ORDER BY geom <-> p.geom LIMIT 1) r;
```

ಎರಡೂ ಟೇಬಲ್ `EPSG:32643`ನಲ್ಲಿರಲಿ, ಆಗ ದೂರ ಮೀಟರ್‌ನಲ್ಲಿ ಸಿಗುತ್ತದೆ. ವೇಗದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಆದರೆ ಅಂಟಿಸಿದ ಚುಕ್ಕೆಗಳ ನಡುವೆ ರಸ್ತೆ ಹಿಡಿದು ದೂರ ಹಾಕಿದಾಗ ಮೊದಲ ವ್ಯಾನ್ 41.3 ಕಿ.ಮೀ. ಓಡಿತ್ತು!

ಮ್ಯಾಪಿನಲ್ಲಿ ತೆರೆದು ನೋಡಿದೆ. ಹೆಚ್ಚಿನ ಪಾಲು ಒಂದೇ ಒಂದು ಚುಕ್ಕೆಯ ಕೆಲಸ. ಮೇಲ್ಸೇತುವೆಯ ಉದ್ದ ಸುಮಾರು 10 ಕಿ.ಮೀ. ಹೋಗುವ ಬದಿ, ಬರುವ ಬದಿ ಎರಡೂ ಮ್ಯಾಪಿನಲ್ಲಿ ಬೇರೆ ಬೇರೆ ಏಕಮುಖ ಗೆರೆಗಳು, ಅವುಗಳ ನಡುವೆ ಹತ್ತು ಮೀಟರ್ ಆಸುಪಾಸು. ಅರ್ಧ ದಾರಿಯಲ್ಲಿ ಒಂದು ಚುಕ್ಕೆ ಆರೇಳು ಮೀಟರ್ ಬಲಕ್ಕೆ ಜರುಗಿ ಎದುರು ಬದಿಗೆ ಅಂಟಿಕೊಂಡಿತ್ತು. ಅಲ್ಲಿಗೆ ಮುಟ್ಟಬೇಕಾದರೆ ಕೊನೆಯವರೆಗೆ ಹೋಗಿ ತಿರುಗಿ ಬರಬೇಕು, 10 ಕಿ.ಮೀ. ಮುಂದಿನ ಚುಕ್ಕೆಗೆ ಮತ್ತೆ ಸಿಲ್ಕ್ ಬೋರ್ಡ್‌ಗೆ ಹೋಗಿ ಬರಬೇಕು, ಇನ್ನೊಂದು 10. ಕಂಪ್ಯೂಟರ್ ಪಾಪ ಲೆಕ್ಕ ಸರಿಯಾಗೇ ಹಾಕಿತ್ತು.

ವ್ಯಾನ್ ಯಾವ ದಿಕ್ಕಿಗೆ ಹೋಗುತ್ತಿತ್ತು ಅನ್ನೋದನ್ನು ಟ್ರ್ಯಾಕರ್ ಕೊಡುತ್ತದಲ್ವಾ, ರಸ್ತೆಯ ದಿಕ್ಕಿಗೂ ಅದಕ್ಕೂ 45 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ರಸ್ತೆ ಬೇಡ ಅಂದೆ. 19 ಕಿ.ಮೀ.ಗೆ ಇಳಿಯಿತು. ಎದುರು ಬದಿಯ ಕಾಟ ಹೋಯಿತು, ಆದರೆ ಸೇತುವೆಯ ಕೆಳಗಿನ ರಸ್ತೆ, ಸರ್ವಿಸ್ ರಸ್ತೆ ಎಲ್ಲ ಅದೇ ದಿಕ್ಕಿನವು. ಮೇಲಾಗಿ ವ್ಯಾನ್ ಆಮೆಗತಿಯಲ್ಲಿ ತೆವಳುವಾಗ ಈ ದಿಕ್ಕನ್ನು ನಂಬೋ ಹಾಗೇ ಇಲ್ಲ.

ಅಲ್ಲಿಗೆ ಸಾಕಾಯ್ತು. ಹಿಡನ್ ಮಾರ್ಕೊವ್ ಮಾಡೆಲ್ ಬಳಸುವ ತಂತ್ರಾಂಶಕ್ಕೆ ಹೋದೆ. ಇವತ್ತು ಬಳಕೆಯಲ್ಲಿರುವ ರೂಪ 2009ರಲ್ಲಿ ನ್ಯೂಸನ್ ಮತ್ತು ಕ್ರಮ್ ಬರೆದ ಪ್ರಬಂಧದ್ದು. ಇದು ಪ್ರತಿ ಚುಕ್ಕೆಗೂ ಸುತ್ತಲಿನ ಹಲವು ರಸ್ತೆಗಳನ್ನು ಅಭ್ಯರ್ಥಿಗಳಾಗಿ ಇಟ್ಟುಕೊಂಡು ಇಡೀ ಟ್ರಿಪ್ಪಿಗೆ ಒಟ್ಟಿಗೆ ತೀರ್ಪು ಕೊಡುತ್ತದೆ. ದಂಡ ಎರಡು ತರಹ: ಚುಕ್ಕೆ ರಸ್ತೆಯಿಂದ ದೂರ ಇದ್ದರೆ ಒಂದು, ಎರಡು ಚುಕ್ಕೆ ನಡುವಿನ ರಸ್ತೆ ದೂರಕ್ಕೂ ನೇರ ದೂರಕ್ಕೂ ತಾಳೆಯಾಗದಿದ್ದರೆ ಇನ್ನೊಂದು.

ಅದೇ ತಂಟೆಕೋರ ಚುಕ್ಕೆಯನ್ನು ಕೈಯಲ್ಲಿ ಲೆಕ್ಕ ಹಾಕಿದೆ. ಅದು ತಪ್ಪು ಬದಿಗೆ 2 ಮೀಟರ್, ಸರಿ ಬದಿಗೆ 7 ಮೀಟರ್ ದೂರ. ಜಿಪಿಎಸ್ ದೋಷ 5 ಮೀಟರ್ ಅಂದುಕೊಂಡರೆ ಮೊದಲ ದಂಡ `d²/(2·5²)`. ತಪ್ಪು ಬದಿಗೆ 0.08, ಸರಿ ಬದಿಗೆ 0.98. ಅಂದರೆ ತಪ್ಪು ಬದಿಗೆ ಲಾಭ ಬರೀ 0.9. ಎರಡನೇ ದಂಡದಲ್ಲಿ ರಸ್ತೆ ದೂರ ನೇರ ದೂರಕ್ಕಿಂತ ಸುಮಾರು 10,000 ಮೀಟರ್ ಜಾಸ್ತಿ. ಪ್ರತಿ 10 ಮೀಟರಿಗೆ ಒಂದು ಅಂಕ ಅಂದರೂ 1000. ತಪ್ಪು ಬದಿಗೆ ಉಳಿಗಾಲವೇ ಇಲ್ಲ.

ಇಂಥ ತಂತ್ರಾಂಶಗಳಲ್ಲಿ ಮೊದಲು ಒಎಸ್‌ಆರ್‌ಎಂ ಹಾಕಿದೆ. (ಇದಕ್ಕೆ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನಾನು ತಿರುಗಾಮುರುಗಾ ಕೊಟ್ಟು ವ್ಯಾನನ್ನು ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಕಳಿಸಿದ್ದೆ.) ಸಾಮಾನ್ಯವಾಗಿ ಒಂದು ಸಲಕ್ಕೆ 100 ಚುಕ್ಕೆ ಮಾತ್ರ ತೆಗೆದುಕೊಳ್ಳುತ್ತದೆ, `--max-matching-size` ಏರಿಸಬೇಕು. ಬಂದ ಉತ್ತರ 15.8. ಕಮ್ಮಿ! ನೋಡಿದರೆ `matchings` ಒಂದರ ಬದಲು ಮೂರು ತುಂಡು. ನಾನು ತುಂಡುಗಳ `distance` ಮಾತ್ರ ಕೂಡಿಸಿದ್ದೆ, ನಡುವಿನ ಖಾಲಿ ಜಾಗ ಬಿಟ್ಟುಹೋಗಿತ್ತು. ಕಟ್ಟಡಗಳ ಸಂದಿಯಲ್ಲಿ ಚುಕ್ಕೆಗಳು ಮೂವತ್ತು ಮೀಟರ್ ಆಚೆ ಬಿದ್ದಿದ್ದವು, ಹುಡುಕುವ ವ್ಯಾಪ್ತಿಯಲ್ಲಿ ರಸ್ತೆಯೇ ಸಿಕ್ಕಿರಲಿಲ್ಲ. ಅಂಥ ಕಡೆ `tracepoints`ನಲ್ಲಿ `null` ಇರುತ್ತದೆ. ಹುಡುಕುವ ವ್ಯಾಪ್ತಿ `radiuses`ನ ಮೂರು ಪಟ್ಟು. ಅದನ್ನು 15ಕ್ಕೆ ಏರಿಸಿ, ಹಿಂದಿನ ಚುಕ್ಕೆಯಿಂದ 10 ಮೀಟರ್ ಒಳಗಿದ್ದ ಚುಕ್ಕೆಗಳನ್ನು ಮೊದಲೇ ಕಿತ್ತುಹಾಕಿದೆ. 17.1 ಬಂತು. ವ್ಯಾನ್ ನಿಂತಾಗಿನ ಚುಕ್ಕೆಗಳ ಕುಣಿತವೂ ನಿಂತಿತು.

ಹಳೇ ಟ್ರ್ಯಾಕರ್ ಬೇರೆ ಆಟ ಆಡಿತು. ಎರಡು ಚುಕ್ಕೆ ನಡುವೆ 60 ಸೆಕೆಂಡಿಗಿಂತ ಜಾಸ್ತಿ ಅಂತರ ಇದ್ದರೆ ಒಎಸ್‌ಆರ್‌ಎಂ ಅಲ್ಲೇ ಕತ್ತರಿಸುತ್ತದೆ. ನಮ್ಮದು 61, 62 ಸೆಕೆಂಡಿಗೆ ಕಳಿಸುತ್ತಿತ್ತು! ಇಡೀ ಟ್ರಿಪ್ ಚೂರುಚೂರು. `gaps=ignore` ಕೊಟ್ಟ ಮೇಲೆ 17.0. ಜಯನಗರದ ಒಳಗೆ ಅದು ಒಂದೆರಡು ಅಡ್ಡರಸ್ತೆ ತಪ್ಪಾಗಿ ಆರಿಸಿತ್ತು. ಆದರೆ ಅಲ್ಲಿ ರಸ್ತೆಗಳು ಚೌಕಟ್ಟಾಗಿವೆ, ಯಾವ ಕ್ರಾಸಿನಲ್ಲಿ ತಿರುಗಿದರೂ ಉದ್ದ ಅಷ್ಟೇ.

ವಾಲ್ಹಾಲಾ ಅನ್ನೋ ಇನ್ನೊಂದು ತಂತ್ರಾಂಶದ್ದೂ ಅದೇ ತತ್ವ. 17.2 ಮತ್ತು 17.0 ಕೊಟ್ಟಿತು. ಮೊದಲೇ 50 ಮೀಟರ್ ವ್ಯಾಪ್ತಿಯಲ್ಲಿ ಹುಡುಕುತ್ತದೆ, ಹಾಗಾಗಿ ತುಂಡಾಗುವ ತಲೆನೋವು ಕಮ್ಮಿ. ನನ್ನ ಹತ್ತಿರ ಇದು ನಿಧಾನ ಅನ್ನಿಸಿತು, ಆದರೆ `trace_attributes` ಕೇಳಿದರೆ ಹಾದುಹೋದ ರಸ್ತೆಗಳ ಹೆಸರನ್ನು ಒಂದೊಂದಾಗಿ ಕೊಡುತ್ತದೆ. ಈಗ ತಿಂಗಳ ರಾಶಿ ಲೆಕ್ಕಕ್ಕೆ ಒಎಸ್‌ಆರ್‌ಎಂ, ಜಗಳ ಬಂದ ಟ್ರಿಪ್ಪಿಗೆ ವಾಲ್ಹಾಲಾ ಅಂತ ಇಟ್ಟುಕೊಂಡಿದ್ದೇನೆ. ಡ್ರೈವರ್ ಅಣ್ಣನಿಗೆ ಆ ಪಟ್ಟಿ ತೋರಿಸಿ, ಬಾಕಿ ಕೊಟ್ಟೆ.

ಕಚ್ಚಾ ಉದ್ದಕ್ಕಿಂತ ಹೊಂದಿಸಿದ ಉದ್ದ 1.3 ಪಟ್ಟು ದಾಟಿದರೆ ಮಾತ್ರ ಕಣ್ಣಲ್ಲಿ ನೋಡುತ್ತೇನೆ. ಬಹಳ ಸಲ ಅದು ಮ್ಯಾಪಿನಲ್ಲಿ ಇನ್ನೂ ಬರೆಯದ ಹೊಸ ಲೇಔಟ್ ರಸ್ತೆ ಆಗಿರುತ್ತದೆ.

ಎರಡೂ ತಂತ್ರಾಂಶಕ್ಕೆ ಬಗೆಹರಿಯದ್ದು ಒಂದಿದೆ. ವ್ಯಾನ್ ಸೇತುವೆ ಮೇಲೆ ಹೋಯಿತೋ, ಕೆಳಗೋ? ಚುಕ್ಕೆಗಳು ಮೇಲಿನಿಂದ ಒಂದೇ ಗೆರೆ. ಒಂದು ದಿನ ಡ್ರೈವರ್ ಕೆಳಗೆ ಹೋಗಿದ್ದಾಗಲೂ ಎರಡೂ ಮೇಲೆ ಅಂದವು. ಉದ್ದ ಹೆಚ್ಚುಕಮ್ಮಿ ಅಷ್ಟೇ, ಆದರೆ ಟೋಲ್ ಬೇರೆ. ಅದಕ್ಕೆ ಫಾಸ್ಟ್ಯಾಗ್ ಮೆಸೇಜನ್ನೇ ನೋಡುತ್ತೇನೆ.